ಕೇಸು ಶುರುವಾದ ಮೇಲೆ ನನ್ನದೇ ಪೋಸ್ಟ್ ಅಳಿಸಿದರೆ ಸಾಕ್ಷ್ಯನಾಶವೇ?

ಪ್ರಶ್ನೆ: ನಾನು ಫೇಸ್‌ಬುಕ್‌ನಲ್ಲಿ ಬರೆದ ಒಂದು ಪೋಸ್ಟ್‌ಗೆ ನನ್ನ ಮೇಲೆ ಮಾನನಷ್ಟದ ದಾವೆ ಹಾಕಿದ್ದಾರೆ. ಖಾತೆ ನನ್ನದು, ಬರೆದದ್ದೂ ನಾನೇ. ಅದನ್ನು ಡಿಲೀಟ್ ಮಾಡಿದರೆ ಸಾಕ್ಷ್ಯನಾಶ ಹೇಗಾಗುತ್ತದೆ?

ಉತ್ತರ: ಮನೆಯ ಕಪಾಟಿನಲ್ಲಿರುವ ಕರಾರುಪತ್ರವೂ ನಿಮ್ಮದೇ. ಆದರೂ ಅದರ ಮೇಲೆ ವ್ಯಾಜ್ಯ ಹೂಡಿದ ಬಳಿಕ ಅದನ್ನು ಒಲೆಗೆ ಹಾಕುವ ಹಾಗಿಲ್ಲ. ನ್ಯಾಯಾಲಯ ಹಾಜರುಪಡಿಸಲು ಹೇಳಬಹುದಾದ ದಾಖಲೆಯನ್ನು, ಅದು ಅಲ್ಲಿಗೆ ತಲುಪದಿರಲಿ ಎಂಬ ಉದ್ದೇಶದಿಂದ ಇಲ್ಲವಾಗಿಸಿದಿರೇ ಎಂಬುದನ್ನಷ್ಟೇ ಕಾನೂನು ನೋಡುತ್ತದೆ, ಅದರ ಒಡೆಯ ಯಾರು ಎಂಬುದನ್ನಲ್ಲ. ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮು ಇದನ್ನು ಎಲೆಕ್ಟ್ರಾನಿಕ್ ದಾಖಲೆಗೂ ಅನ್ವಯಿಸಿ, ಮೂರು ವರ್ಷದವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಉದ್ದೇಶ ಇಲ್ಲಿ ಮುಖ್ಯ. ವಿವಾದದ ಸುಳಿವೇ ಇಲ್ಲದಿದ್ದಾಗ ಹಳೆಯ ಪೋಸ್ಟ್‌ಗಳನ್ನು ಅಳಿಸಿದ್ದರೆ ಅದು ಅಪರಾಧವಲ್ಲ. ಆದರೆ ಸಮನ್ಸ್ ಕೈಸೇರಿದ ಮಾರನೆಯ ದಿನ ಅಳಿಸಿದರೆ ಆ ತಾರೀಖೇ ನಿಮ್ಮ ಉದ್ದೇಶವನ್ನು ಹೇಳತೊಡಗುತ್ತದೆ.

ಸಿವಿಲ್ ದಾವೆಯಲ್ಲಿ ಜೈಲಿಗಿಂತ ಹತ್ತಿರದ ಅಪಾಯ ಬೇರೆ ಇದೆ. ಕೈಯಲ್ಲಿದ್ದ ಸಾಕ್ಷ್ಯವನ್ನು ಹಾಜರುಪಡಿಸದವನಿಗೆ ಅದು ಪ್ರತಿಕೂಲವಾಗಿಯೇ ಇದ್ದಿರಬೇಕೆಂದು ನ್ಯಾಯಾಲಯ ಊಹಿಸಬಹುದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನ ದೃಷ್ಟಾಂತ ಹೇಳುತ್ತದೆ. ಅಳಿಸಿದ ಪೋಸ್ಟ್ ನಿಜವಾಗಿ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುವುದು ಹೀಗೆ.

ಅಮೆರಿಕದ ವರ್ಜೀನಿಯಾದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಲೆಸ್ಟರ್ ಎಂಬಾತನ ಹೆಂಡತಿ ಕಾಂಕ್ರೀಟ್ ಲಾರಿಯ ಅಪಘಾತದಲ್ಲಿ ತೀರಿಕೊಂಡಳು. ಆತ ಲಾರಿಯ ಒಡೆತನದ ಅಲೈಡ್ ಕಾಂಕ್ರೀಟ್ ಕಂಪನಿಯಿಂದ ಪರಿಹಾರ ಕೇಳಿದ. 2009ರ ಮಾರ್ಚ್‌ನಲ್ಲಿ ಕಂಪನಿಯ ವಕೀಲರು ಆತನ ಫೇಸ್‌ಬುಕ್ ಪುಟದ ವಿವರ ಕೇಳಿ, ಅಲ್ಲಿಂದಲೇ ಸಿಕ್ಕ ಒಂದು ಫೋಟೋವನ್ನು ಅರ್ಜಿಗೆ ಲಗತ್ತಿಸಿದ್ದರು: ಕೈಯಲ್ಲಿ ಬಿಯರ್ ಕ್ಯಾನು, ಮೈಮೇಲೆ ತುಂಟ ಬರಹದ ಟೀಶರ್ಟು. ಗಾಬರಿಯಾದ ಆತನ ವಕೀಲ ಸಹಾಯಕಿಯ ಮೂಲಕ ಪುಟವನ್ನು 'ಶುಚಿ' ಮಾಡುವಂತೆ ಹೇಳಿಸಿದ. ಲೆಸ್ಟರ್ ಖಾತೆಯನ್ನೇ ನಿಷ್ಕ್ರಿಯಗೊಳಿಸಿದ ಮೇಲೆ, 'ಈ ಉತ್ತರಕ್ಕೆ ಸಹಿ ಮಾಡಿದ ಏಪ್ರಿಲ್ 15ರಂದು ನನಗೆ ಫೇಸ್‌ಬುಕ್ ಪುಟವಿಲ್ಲ' ಎಂದು ಲಿಖಿತವಾಗಿ ಉತ್ತರಿಸಲಾಯಿತು. ಅಕ್ಷರಶಃ ನಿಜ, ಆದರೆ ಎಂಥ ನಿಜ! ಮೇ ತಿಂಗಳಲ್ಲಿ ಖಾತೆ ಮತ್ತೆ ತೆರೆದಾಗ ಆತ 16 ಫೋಟೋಗಳನ್ನು ಅಳಿಸಿದ. ಪ್ರತಿಪಕ್ಷದ ತಜ್ಞರು ಖಾತೆಯ ದಾಖಲೆಗಳಿಂದ ಅದನ್ನು ಪತ್ತೆ ಹಚ್ಚಿದರು, ಫೋಟೋಗಳೂ ವಿಚಾರಣೆಗೆ ಮುನ್ನವೇ ಸಿಕ್ಕವು. ಆದರೂ ವಕೀಲನಿಗೆ 5,42,000 ಡಾಲರ್, ಲೆಸ್ಟರ್‌ಗೆ 1,80,000 ಡಾಲರ್ ತೆರುವಂತೆ ಆದೇಶವಾಯಿತು. ವಕೀಲನ ಸನ್ನದು 5 ವರ್ಷ ಅಮಾನತಾಯಿತು. ಅಷ್ಟಾಗಿಯೂ ಜ್ಯೂರಿ ಲೆಸ್ಟರ್‌ಗೆ ಭಾರೀ ಪರಿಹಾರವನ್ನೇ ಕೊಟ್ಟಿತ್ತು. ಎಂದರೆ, ಆ ಬಿಯರ್ ಫೋಟೋ ಇದ್ದಲ್ಲೇ ಇದ್ದಿದ್ದರೂ ದಾವೆ ಮುಳುಗುತ್ತಿರಲಿಲ್ಲ.

ಮಾನನಷ್ಟದಲ್ಲಿ ಇನ್ನೊಂದು ತೊಡಕಿದೆ. ನನ್ನ ಕಕ್ಷಿದಾರರೊಬ್ಬರು ನೋಟಿಸ್ ಬಂದ ರಾತ್ರಿಯೇ ಪೋಸ್ಟ್ ಅಳಿಸಿ, ಸಮಾಧಾನದಿಂದ ನನ್ನ ಬಳಿ ಬಂದರು. ಎದುರು ಪಕ್ಷದವರ ಬಳಿ ಸ್ಕ್ರೀನ್‌ಶಾಟ್ ಇತ್ತು, ಆದರೆ ಮೊದಲ ಎರಡು ಸಾಲಿನದು ಮಾತ್ರ. 'ಇದು ನಾನು ಕೇಳಿದ ಮಾತು, ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ' ಎಂದು ಅವರೇ ಕೆಳಗೆ ಬರೆದಿದ್ದ ಸಾಲು ಪೋಸ್ಟ್‌ನೊಂದಿಗೇ ಹೋಗಿತ್ತು. ಪಾಟೀಸವಾಲಿನಲ್ಲಿ ಆ ಸಾಲಿನ ಬಗ್ಗೆ ಅವರು ಬಾಯಿಮಾತಿನಲ್ಲಿ ಹೇಳಬೇಕಾಯಿತು, ಮತ್ತು ಅಳಿಸಿದ್ದೇಕೆ ಎಂಬ ಪ್ರಶ್ನೆಗೆ ಅವರಲ್ಲಿ ಒಪ್ಪುವಂಥ ಉತ್ತರವಿರಲಿಲ್ಲ.

ಹಾಗೆಂದು ಪೋಸ್ಟ್ ಎಲ್ಲರಿಗೂ ಕಾಣುತ್ತಲೇ ಇರಲಿ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಅದರಿಂದ ವಾದಿಗೆ ಆಗುವ ಹಾನಿ ಮುಂದುವರಿಯುತ್ತದೆ ಎಂಬ ವಾದಕ್ಕೆ ಅವಕಾಶ ಕೊಟ್ಟಂತಾಗುತ್ತದೆ. ಕಾಣಿಸದಂತೆ ಮಾಡುವುದು ಬೇರೆ, ಇಲ್ಲದಂತೆ ಮಾಡುವುದು ಬೇರೆ. ಮೊದಲು ಪೋಸ್ಟ್, ಅದರ ಕಾಮೆಂಟುಗಳು, ತಾರೀಖು, ಲಿಂಕು, ತಿದ್ದುಪಡಿಯ ಇತಿಹಾಸ ಎಲ್ಲವೂ ಬರುವಂತೆ ಪ್ರತಿ ತೆಗೆದಿಡಿ, ಖಾತೆಯ ಮಾಹಿತಿಯನ್ನು ಪೂರ್ತಿಯಾಗಿ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ನಿಮ್ಮ ವಕೀಲರನ್ನು ಕೇಳಿ, ಪೋಸ್ಟ್ ನಿಮಗೊಬ್ಬರಿಗೇ ಕಾಣುವಂತೆ ಬದಲಿಸಿ ಅಥವಾ ಆರ್ಕೈವ್‌ಗೆ ಹಾಕಿ. ಹಾಗೆ ಮಾಡಿದ್ದನ್ನು ಪ್ರತಿಪಕ್ಷಕ್ಕೆ ಪತ್ರ ಬರೆದು ತಿಳಿಸಿಬಿಟ್ಟರೆ ಬಚ್ಚಿಟ್ಟರೆಂಬ ಮಾತೂ ಬರುವುದಿಲ್ಲ.

ಈಗಾಗಲೇ ಅಳಿಸಿಬಿಟ್ಟಿದ್ದರೆ ಈ ಉತ್ತರ ಓದಿ ಮುಗಿಸುವ ಮೊದಲೇ ಫೇಸ್‌ಬುಕ್‌ನ ಟ್ರ್ಯಾಶ್ ನೋಡಿ. ಅಲ್ಲಿಗೆ ಹೋದ ಪೋಸ್ಟ್ 30 ದಿನ ಉಳಿದಿರುತ್ತದೆ, ಅಷ್ಟರೊಳಗೆ ಮರಳಿ ಪಡೆಯಬಹುದು.