ಮನೆ ಕಟ್ಟುವ ದುಡ್ಡು: ದಿರ್ಹಮ್‌ನಲ್ಲೋ, ರೂಪಾಯಿಯಲ್ಲೋ?

"ದುಬೈಯಲ್ಲಿದ್ದೇನೆ. ಎರಡು ವರ್ಷ ಬಿಟ್ಟು ದಾವಣಗೆರೆಯಲ್ಲಿ ಮನೆ ಕಟ್ಟಬೇಕು. 1 ಲಕ್ಷ ದಿರ್ಹಮ್ ಎಲ್ಲಿಡಲಿ?"

ಅಣ್ಣಾ, ಊರಿನ ಹಳೇ ಉಳಿತಾಯ ಖಾತೆಗೆ ಮಾತ್ರ ಹಾಕಬೇಡಿ. ನಾನು ಮಸ್ಕತ್‌ನಲ್ಲಿದ್ದಾಗ ಹಾಗೇ ಮಾಡಿದ್ದೆ. ಆಮೇಲೆ ಅದನ್ನು ಅನಿವಾಸಿಗಳ ಸಾಮಾನ್ಯ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕಾಯ್ತು, ಬಡ್ಡಿಯಲ್ಲಿ ಶೇ. 30ಕ್ಕೂ ಜಾಸ್ತಿ ಟಿಡಿಎಸ್ ಹೋಯ್ತು.

ಅನಿವಾಸಿಗಳಿಗೆಂದೇ ನಮ್ಮ ಬ್ಯಾಂಕುಗಳಲ್ಲಿ ಎನ್‌ಆರ್‌ಇ, ಎಫ್‌ಸಿಎನ್‌ಆರ್ ಅಂತ ಠೇವಣಿಗಳಿವೆ. ನೀವು ಅನಿವಾಸಿಯಾಗಿರುವವರೆಗೆ ಎರಡರ ಬಡ್ಡಿಗೂ ಭಾರತದಲ್ಲಿ ತೆರಿಗೆ ಇಲ್ಲ. ವ್ಯತ್ಯಾಸ ಇರೋದು ಕರೆನ್ಸಿಯಲ್ಲಿ. ಎನ್‌ಆರ್‌ಇ ಠೇವಣಿ ರೂಪಾಯಿಯಲ್ಲಿ, ಎಫ್‌ಸಿಎನ್‌ಆರ್ ಡಾಲರ್‌ನಲ್ಲಿ ಇಡಬಹುದು. ದಿರ್ಹಮ್ ಡಾಲರ್‌ಗೇ ಕಟ್ಟಿಕೊಂಡಿದೆ, ಡಾಲರ್‌ಗೆ 3.6725 ದಿರ್ಹಮ್. ಹಾಗಾಗಿ ಡಾಲರ್‌ನಲ್ಲಿಟ್ಟರೆ ದಿರ್ಹಮ್‌ನಲ್ಲಿಟ್ಟ ಹಾಗೇ.

ಲೆಕ್ಕಕ್ಕೆ ದಿರ್ಹಮ್‌ಗೆ 22 ರೂಪಾಯಿ, ಎನ್‌ಆರ್‌ಇ ಬಡ್ಡಿ ಶೇ. 7, ಡಾಲರ್ ಬಡ್ಡಿ ಶೇ. 4 ಅಂತಿಟ್ಟುಕೊಳ್ಳಿ. ವರ್ಷದ ಕೊನೆಗೆ ದಿರ್ಹಮ್ ಸುಮಾರು 22.63 ಆದರೆ ಎರಡೂ ಸಮ. ಅದಕ್ಕಿಂತ ಮೇಲೆ ಹೋದರೆ ಮಾತ್ರ ಡಾಲರ್ ಲಾಭ.

ಆದರೆ ಸಿಮೆಂಟು, ಗಾರೆಯವರ ಕೂಲಿ ಎಲ್ಲ ರೂಪಾಯಿಯಲ್ಲೇ ಅಲ್ವಾ? ಹಾಗಾಗಿ ಮನೆಯ ಪಾಲನ್ನು ಎನ್‌ಆರ್‌ಇಯಲ್ಲೇ ಇಡಿ. ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಸಿಗಲ್ಲ. ಊರಿಗೆ ಬಂದು ನೆಲೆಸಿದ ಕೂಡಲೇ ಬ್ಯಾಂಕಿಗೆ ತಿಳಿಸಿ. ಅಲ್ಲಿಂದ ಎನ್‌ಆರ್‌ಇ ಬಡ್ಡಿಗೆ ತೆರಿಗೆ ಶುರು.