ಕ್ಯಾಸೆಟ್‌ನ ಹಿಸ್ ತೆಗೆದರೆ ಹಾಡೂ ಹಾಳಾಗುತ್ತಿದೆ, ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾ?

ಪ್ರಶ್ನೆ: ಹಳೇ ಕ್ಯಾಸೆಟ್‌ಗಳನ್ನೂ ಕೆಲವು ಎಲ್‌ಪಿ ರೆಕಾರ್ಡ್‌ಗಳನ್ನೂ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದೇನೆ. ಕ್ಯಾಸೆಟ್‌ನ ಹಾಡು ಮಬ್ಬಾಗಿದೆ, ಮೇಲೆ ಜೋರು ಹಿಸ್. Audacity ಯಲ್ಲಿ ಹಿಸ್ ತೆಗೆದರೆ ದನಿ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ದುಡ್ಡು ಕೊಟ್ಟು ಒಳ್ಳೆ ಸಾಫ್ಟ್‌ವೇರ್ ತಗೊಳ್ಳಲಾ, ಇಲ್ಲಾ ಸರಿಯಾದ ಸೆಟ್ಟಿಂಗ್ ಏನಾದರೂ ಇದೆಯಾ?

ಉತ್ತರ: ಕೊಳ್ಳಬೇಡಿ, ಸದ್ಯಕ್ಕಂತೂ ಬೇಡ. ಹಾಡು ಮಬ್ಬು, ಹಿಸ್ ಮಾತ್ರ ಜೋರು ಅಂತ ಯಾರಾದರೂ ಹೇಳಿದರೆ ನನ್ನ ಅನುಮಾನ ಮೊದಲು ಹೋಗುವುದು ಪ್ಲೇಯರ್‌ನ ಹೆಡ್ ಮೇಲೆ, ಆಮೇಲೆ ಸಾಫ್ಟ್‌ವೇರ್ ಮೇಲೆ. ಕ್ಯಾಸೆಟ್ ಡಿಜಿಟಲ್ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಹೆಡ್‌ನ ಓರೆಯನ್ನು ಆ ಟೇಪಿಗೆ ಹೊಂದಿಸದೆ ರೆಕಾರ್ಡ್ ಮಾಡಿಕೊಂಡುಬಿಡುತ್ತಾರೆ. ಆಗ ಕಳೆದುಹೋದದ್ದನ್ನು ಎಷ್ಟು ದುಬಾರಿ ಸಾಫ್ಟ್‌ವೇರೂ ವಾಪಸು ತರುವುದಿಲ್ಲ.

ಟೇಪ್ ಹೆಡ್‌ನ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೊಂದಿರುತ್ತದೆ. ಟೇಪ್ ಓಡುವ ದಿಕ್ಕಿಗೆ ಅದು ಸರಿಯಾಗಿ ಲಂಬವಾಗಿರಬೇಕು. ಇದಕ್ಕೆ ಅಜಿಮತ್ ಅನ್ನುತ್ತಾರೆ. ನಿಜವಾಗಿ ಬೇಕಾದದ್ದು ಪುಸ್ತಕದ ಲಂಬವೂ ಅಲ್ಲ. ಆ ಟೇಪನ್ನು ಅಂದು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಓರೆಯಲ್ಲಿತ್ತೋ ಅದೇ ಓರೆ. ಮನೆಯಲ್ಲಿ ಯಾವುದೋ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿದ ಕ್ಯಾಸೆಟ್ ಆದರೆ ಅದು ನಿಮ್ಮ ಡೆಕ್‌ಗೆ ಹೊಂದುವ ಸಂಭವ ಕಡಿಮೆ.

ಎಷ್ಟು ಸೂಕ್ಷ್ಮ ಅಂದರೆ: ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಗಾಗಿ 10 ಕಿಲೋಹರ್ಟ್ಸ್ ದನಿಯ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 4.76 ಮೈಕ್ರಾನ್ ಮಾತ್ರ. ಸ್ಟೀರಿಯೋ ಟ್ರ್ಯಾಕ್ ಒಂದರ ಅಗಲ ಸುಮಾರು 0.6 ಮಿಲಿಮೀಟರ್. ಹೆಡ್ ಒಂದು ಡಿಗ್ರಿಯ ಮೂರನೇ ಒಂದು ಭಾಗ ಓರೆಯಾದರೆ ಸೀಳಿನ ಮೇಲಿನ ತುದಿಗೂ ಕೆಳಗಿನ ತುದಿಗೂ 3.5 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಅಂದರೆ ಒಂದು ತುದಿ ಅಲೆಯ ಏರನ್ನು ಓದುವಾಗ ಇನ್ನೊಂದು ತುದಿ ಇಳಿಜಾರನ್ನು ಓದುತ್ತಿರುತ್ತದೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. 10 ಕಿಲೋಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 10 ಡೆಸಿಬೆಲ್ ಹೋಯಿತು. ಮೊನೊ ರೆಕಾರ್ಡಿಂಗ್ ಆಗಿದ್ದು ನೀವು ಎರಡು ಚಾನೆಲ್ ಕೂಡಿಸಿದರೆ ಇದರ ಅರ್ಧದಷ್ಟು ಓರೆ ಸಾಕು, ಅದೇ ಜಾಗದಲ್ಲಿ ದನಿ ಹೆಚ್ಚೂಕಮ್ಮಿ ಅಳಿಸಿಹೋಗುತ್ತದೆ.

ಇನ್ನು ಹಿಸ್‌ನ ವಿಷಯ. ಟೇಪಿನದೇ ಹಿಸ್ ಕಾಂತೀಯ ಕಣಗಳ ಅಡ್ಡಾದಿಡ್ಡಿ ಗದ್ದಲ. ಅದಕ್ಕೆ ಓರೆಯೂ ಇಲ್ಲ, ನೇರವೂ ಇಲ್ಲ. ಹೆಡ್ ತಪ್ಪಾಗಿ ಕೂತರೂ ಅದು ಇದ್ದಷ್ಟೇ ಇರುತ್ತದೆ. ಹಾಡಿನ ಟ್ರೆಬಲ್ ಮಾತ್ರ ಇಳಿಯುತ್ತದೆ. ಆಗ ನೀವು ಈಕ್ವಲೈಸರ್‌ನಲ್ಲಿ ಟ್ರೆಬಲ್ ಏರಿಸಿದರೆ ಹಿಸ್ಸೂ ಏರುತ್ತದೆ. ಹಿಸ್ ಕಡಿಯಲು ಹೊರಟರೆ ಅದರ ಮಟ್ಟಕ್ಕೇ ಇಳಿದು ಕೂತಿರುವ ‘ಸ’, ‘ಶ’ಗಳೂ ಜೊತೆಗೆ ಕತ್ತರಿಸಿಹೋಗುತ್ತವೆ. ನಿಮಗೆ ಆಗಿರುವುದು ಬಹುಶಃ ಇದೇ.

ಮೊದಲು ಹೆಡ್ ಒರೆಸಿ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿದರೆ ಕಂದು ಬಣ್ಣ ಬರುತ್ತದೆ. ಬರದಾಗುವ ತನಕ ಉಜ್ಜಿ. ಕೊಳೆಯಿಂದಲೂ ಹಾಡು ಮಬ್ಬಾಗುತ್ತದೆ, ಆದರೆ ಸಾಮಾನ್ಯವಾಗಿ ಒಂದು ಚಾನೆಲ್ ಹೆಚ್ಚು, ಇನ್ನೊಂದು ಕಡಿಮೆ. ಅಜಿಮತ್ ತಪ್ಪಿದ್ದರೆ ಗುರುತು ಬೇರೆ: ಎರಡು ಚಾನೆಲ್ ಕೂಡಿಸಿ ಮೊನೊ ಮಾಡಿದ ಕೂಡಲೇ ದನಿ ಇನ್ನಷ್ಟು ಮಂಕಾಗುತ್ತದೆ, ಅಥವಾ ಸುತ್ತಿ ಸುತ್ತಿ ಬಂದ ಹಾಗೆ ಕೇಳುತ್ತದೆ.

ಹೊಂದಿಸುವುದು ಹೀಗೆ. ಹೆಡ್‌ನ ಎಡಬಲಕ್ಕೆ ಎರಡು ಸಣ್ಣ ಸ್ಕ್ರೂ ಇರುತ್ತವೆ. ಒಂದು ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದರ ಅಡಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಇರುವುದೇ ಅಜಿಮತ್ ಸ್ಕ್ರೂ. ಹೆಚ್ಚಿನ ಯಂತ್ರಗಳಲ್ಲಿ ಅದರ ತಲೆಗೆ ಒಂದು ಹನಿ ಬಣ್ಣ ಬಳಿದು ಲಾಕ್ ಮಾಡಿರುತ್ತಾರೆ. ಮೊದಲಿದ್ದ ಜಾಗ ಗೊತ್ತಾಗಲಿ ಅಂತ ಒಂದು ಗೆರೆ ಎಳೆದುಕೊಳ್ಳಿ. ಕಾಂತ ಹಿಡಿಯದ ಸ್ಕ್ರೂಡ್ರೈವರ್ ಬಳಸಿ. ಡೆಕ್‌ನಲ್ಲಿ ಹಿಸ್ ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಇರಲಿ. ಟೇಪ್ ಓಡಿಸಿ, ಎರಡೂ ಚಾನೆಲ್ ಕೂಡಿಸಿ ಹೆಡ್‌ಫೋನಿನಲ್ಲಿ ಕೇಳುತ್ತಾ, ‘ಸ’ಕಾರ ಅಥವಾ ತಾಳದ ಸದ್ದು ಇರುವ ಕಡೆ ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿ. ದನಿಗೆ ಬೆಳಕು ಬಂದ ಹಾಗಾಗುವ ಒಂದು ಜಾಗ ಸಿಗುತ್ತದೆ. ಅದನ್ನು ದಾಟಿ ಸ್ವಲ್ಪ ಮುಂದೆ ಹೋಗಿ, ಮತ್ತೆ ಹಿಂದೆ ಬನ್ನಿ. ಹುಷಾರು: ತೀರಾ ದೂರ ತಿರುಗಿಸಿದರೆ ಅಲ್ಲೂ ಸಣ್ಣ ಸುಳ್ಳು ಶಿಖರಗಳು ಸಿಗುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಕೇಳುವುದೇ ನಿಜವಾದದ್ದು, ಅದು ಹೆಚ್ಚಾಗಿ ಮೊದಲಿದ್ದ ಜಾಗದಿಂದ ಅರ್ಧ ಸುತ್ತಿನೊಳಗೇ ಇರುತ್ತದೆ.

ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಕಣ್ಣಿಂದ ನೋಡಬಹುದು. ಮೊನೊ ಟೇಪನ್ನು ಸ್ಟೀರಿಯೋ ಆಗಿ 96 ಕಿಲೋಹರ್ಟ್ಸ್‌ನಲ್ಲಿ ಒಂದೆರಡು ನಿಮಿಷ ರೆಕಾರ್ಡ್ ಮಾಡಿ, ಒಂದು ಚಪ್ಪಾಳೆಯ ಜಾಗಕ್ಕೆ ಜೂಮ್ ಮಾಡಿ. ಒಂದು ಡಿಗ್ರಿಯ ಆರನೇ ಒಂದು ಭಾಗ ಓರೆ ಇದ್ದರೆ ಎಡ ಬಲ ಚಾನೆಲ್‌ಗಳ ಶಿಖರ ಸುಮಾರು 5 ಸ್ಯಾಂಪಲ್ ಹಿಂದುಮುಂದು ಕಾಣುತ್ತದೆ. ಎರಡೂ ಒಂದರ ಕೆಳಗೊಂದು ಬಂದರೆ ಹೊಂದಿತು ಅಂತ ಅರ್ಥ. ಆಮೇಲೆ ಸಾಫ್ಟ್‌ವೇರಿನಲ್ಲಿ ಒಂದು ಚಾನೆಲ್ ಜರುಗಿಸಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಚಾನೆಲ್‌ಗಳ ನಡುವಿನ ಅಂತರ ಅದರಿಂದ ಸರಿಹೋಗುತ್ತದೆ, ಒಂದೊಂದು ಟ್ರ್ಯಾಕಿನೊಳಗೇ ಹೊಡೆದುಹೋದದ್ದು ಬರುವುದಿಲ್ಲ.

ಬಿ ಸೈಡಿಗೆ ತಿರುಗಿಸಿದಾಗ ಈ ಕೆಲಸ ಮತ್ತೆ ಮಾಡಬೇಕು. ಬೇಜಾರಿನ ಕೆಲಸ, ಆದರೆ ತಿರುಗಿಸಿದ ಮೇಲೆ ಟೇಪ್ ಕೂರುವ ರೀತಿಯೇ ಬೇರೆ. ಡಾಲ್ಬಿ ಗುರುತು ಇರುವ ಕ್ಯಾಸೆಟ್ ಆದರೆ ಅಜಿಮತ್ ಸರಿಮಾಡಿದ ನಂತರವೇ ಸ್ವಿಚ್ ಆನ್ ಮಾಡಿ. ಡಾಲ್ಬಿ ಬಿ ಟ್ರೆಬಲ್‌ನ ಮಟ್ಟ ನೋಡಿ ಎಷ್ಟು ಇಳಿಸಬೇಕು ಅಂತ ನಿರ್ಧರಿಸುತ್ತದೆ. ಮೊದಲೇ ಸೊರಗಿದ ಟ್ರೆಬಲ್ ಸಿಕ್ಕರೆ ಇದು ಮೆಲುದನಿ ಅಂದುಕೊಂಡು ಇನ್ನಷ್ಟು ಕೆಳಗೆ ತಳ್ಳುತ್ತದೆ.

ಈಗ ರೆಕಾರ್ಡ್ ಮಾಡಿ: 24 ಬಿಟ್, ಅತಿ ಜೋರಾದ ಜಾಗ −6 ರಿಂದ −10 ಡೆಸಿಬೆಲ್ ಮುಟ್ಟುವ ಹಾಗೆ. ಈ ಕಚ್ಚಾ ಫೈಲನ್ನು ಹಾಗೇ ಎತ್ತಿಡಿ, ಪ್ರಯೋಗವೆಲ್ಲ ಅದರ ನಕಲಿನ ಮೇಲೆ ನಡೆಯಲಿ.

Audacity ಯ Noise Reduction ನಿಮ್ಮ ಕೆಲಸಕ್ಕೆ ಧಾರಾಳ ಸಾಕು. Get Noise Profile ಒತ್ತುವ ಮೊದಲು ಯಾವ ತುಣುಕು ಆರಿಸುತ್ತೀರಿ ಅನ್ನುವುದು ಮುಖ್ಯ. ಟೇಪಿನ ತೀರಾ ಆರಂಭದ ಮೌನ ಬೇಡ. ಅಲ್ಲಿರುವುದು ಲೀಡರ್ ಅನ್ನುವ ಬರೀ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಾಂತೀಯ ಲೇಪವೇ ಇಲ್ಲ, ನಿಮಗೆ ಸಿಗುವುದು ಡೆಕ್‌ನ ಸರ್ಕ್ಯೂಟಿನ ಸದ್ದು ಅಷ್ಟೇ. ಎರಡು ಹಾಡುಗಳ ನಡುವಿನ, ಹಿಂದಿನ ಹಾಡಿನ ಅನುರಣನ ಪೂರ್ತಿ ನಿಂತ ಜಾಗದಿಂದ ಒಂದು ಸೆಕೆಂಡಿನಷ್ಟು ತಗೊಳ್ಳಿ. ಆಮೇಲೆ ಇಡೀ ಹಾಡು ಆರಿಸಿ, ಹಿಸ್ ತಗ್ಗಿಸುವ ಮೊತ್ತವನ್ನು 6 ಡೆಸಿಬೆಲ್‌ಗೆ ಇಡಿ. 18, 24 ಅಂತ ಏರಿಸುವ ಆಸೆ ಬಿಡಿ.

ಯಾಕೆ ಅಂದರೆ, ಈ ವಿಧಾನ ದನಿಯನ್ನು ಕಾಲ ಮತ್ತು ಆವರ್ತನದ ಸಾವಿರಾರು ಚಿಕ್ಕ ಚೌಕಗಳಾಗಿ ಹೋಳು ಮಾಡಿ, ಹಿಸ್‌ನ ಮಟ್ಟಕ್ಕಿಂತ ಕೆಳಗಿರುವ ಚೌಕಗಳನ್ನು ತಗ್ಗಿಸುತ್ತದೆ. ಆದರೆ ಹಿಸ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಅಲ್ಲೊಂದು ಇಲ್ಲೊಂದು ಚೌಕ ಮಿತಿ ದಾಟಿ ಉಳಿದುಕೊಳ್ಳುತ್ತದೆ. ಸುತ್ತಲಿನದನ್ನು 24 ಡೆಸಿಬೆಲ್ ಇಳಿಸಿದರೆ ಉಳಿದ ಚೌಕಗಳು ಒಂಟಿ ಸ್ವರಗಳಾಗಿ ಗುಳುಗುಳು ಅನ್ನುತ್ತವೆ. ನೀವು ಹೇಳುವ ನೀರೊಳಗಿನ ಸದ್ದು ಅದೇ. 6 ಇಳಿಸಿದಾಗ ಅವು ಉಳಿದ ಹಿಸ್‌ನ ನಡುವೆಯೇ ಮುಚ್ಚಿಹೋಗುತ್ತವೆ. ಕೊನೆಗೆ Residue ಆರಿಸಿ ಕೇಳಿ, ಏನನ್ನು ತೆಗೆಯುತ್ತಿದೆ ಅನ್ನುವುದನ್ನಷ್ಟೇ ಅದು ಕೇಳಿಸುತ್ತದೆ. ಬರೀ ಸುಯ್ ಸದ್ದು ಬಂದರೆ ಸರಿ. ಪಿಸುಗುಟ್ಟುವ ಹಾಗೆ ಹಾಡಿನ ಅಕ್ಷರಗಳು ಕೇಳಿದರೆ Sensitivity ಇಳಿಸಿ. ಸ್ವಲ್ಪ ಹಿಸ್ ಉಳಿದರೆ ಉಳಿಯಲಿ. ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ, ಗುಳುಗುಳುವನ್ನು ಮರೆಯುವುದಿಲ್ಲ.

ಎಲ್‌ಪಿಗೆ ಕ್ರಮ ಉಲ್ಟಾ ಆಗಬಾರದು: ಮೊದಲು ತೊಳೆಯುವುದು, ಆಮೇಲೆ ರೆಕಾರ್ಡ್ ಮಾಡುವುದು, ಆಮೇಲೆ ಚಟಪಟ ತೆಗೆಯುವುದು, ಹಿಸ್ ಎಲ್ಲಕ್ಕಿಂತ ಕೊನೆಗೆ. ಹಿಸ್ ಮೊದಲು ತೆಗೆದರೆ ಕ್ಲಿಕ್‌ನ ಚೂಪು ಅಂಚು ಹರಡಿಹೋಗಿ Click Removal ಗೆ ಅದು ಸಿಗುವುದೇ ಇಲ್ಲ. ಅದರಲ್ಲಿ Threshold ಕಡಿಮೆ ಮಾಡಿದಷ್ಟೂ ಹೆಚ್ಚು ಕ್ಲಿಕ್ ಹಿಡಿಯುತ್ತದೆ, ಜೊತೆಗೆ ಡೋಲಿನ ಪೆಟ್ಟು, ತುತ್ತೂರಿಯ ಮೊನೆಯನ್ನೂ ಹಿಡಿಯುತ್ತದೆ. ಹಾಗಾಗಿ ಸಣ್ಣಪುಟ್ಟದ್ದಕ್ಕೆ ಮಾತ್ರ ಅದನ್ನು ಬಳಸಿ, ದೊಡ್ಡ ಪೆಟ್ಟುಗಳನ್ನು ಜೂಮ್ ಮಾಡಿ ಒಂದೊಂದಾಗಿ Repair ನಿಂದ ಸರಿಮಾಡಿ. ಅದು ಒಮ್ಮೆಗೆ 128 ಸ್ಯಾಂಪಲ್ ತನಕ ಮಾತ್ರ ಒಪ್ಪುತ್ತದೆ. ಒಂದು ಸದ್ದು ಗೀರಿನದೋ ಸಂಗೀತದ್ದೋ ಅನ್ನುವ ಅನುಮಾನ ಬಂದರೆ ಗಡಿಯಾರ ನೋಡಿ: 33⅓ ವೇಗದ ರೆಕಾರ್ಡಿನಲ್ಲಿ ಅಡ್ಡ ಗೀರು 1.8 ಸೆಕೆಂಡಿಗೊಮ್ಮೆ ತಪ್ಪದೆ ಮರಳಿ ಬರುತ್ತದೆ.

ಮೊನೊ ರೆಕಾರ್ಡನ್ನೂ ಸ್ಟೀರಿಯೋ ಆಗಿಯೇ ರೆಕಾರ್ಡ್ ಮಾಡಿಕೊಳ್ಳಿ. ಕ್ಲಿಕ್‌ಗಳು ಸೂಜಿ ಓಡುವ ತೋಡಿನ ಎರಡು ಗೋಡೆಗಳಲ್ಲಿ ಒಂದೇ ಥರ ಇರುವುದಿಲ್ಲ, ಎಷ್ಟೋ ಸಲ ಒಂದು ಚಾನೆಲ್ ಇನ್ನೊಂದಕ್ಕಿಂತ ಚೊಕ್ಕವಾಗಿರುತ್ತದೆ. ಕ್ಲಿಕ್ ತೆಗೆದಾದ ಮೇಲೆ ಎರಡನ್ನೂ ಕೂಡಿಸಿ, ಇಲ್ಲವೇ ಚೊಕ್ಕ ಇರುವುದನ್ನೇ ಇಟ್ಟುಕೊಳ್ಳಿ.