ಇಂಡೋನೇಷ್ಯಾದಲ್ಲಿ ಯಾರಿಗೆ ‘ಪಾಕ್’, ಯಾರಿಗೆ ‘ಬು’?

ಪ್ರಶ್ನೆ: ಅಲ್ಲಿ ಅಂಗಡಿಯವರನ್ನು, ಡ್ರೈವರನ್ನು ಏನಂತ ಕರೆಯಬೇಕು? ‘ನೀವು’ ಅನ್ನೋಕೆ ‘ಆಂದಾ’ ಸಾಲದಾ?

ಉತ್ತರ: ನಡುವಯಸ್ಸಿನ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಅನ್ನಿ. ‘ಆಂದಾ’ ಜಾಹೀರಾತು, ಅರ್ಜಿಗಳ ಭಾಷೆ. ಎದುರಿಗಿರುವವರಿಗೆ ಹೇಳಿದರೆ ತುಂಬಾ ಬಿಗುವಾಗಿ ಕೇಳಿಸುತ್ತದೆ. ‘ನೀನು’ ಅನ್ನುವ ‘ಕಾಮು’ ಸಲುಗೆಯ ಮಾತು, ಹಿರಿಯರಿಗೆ ಸಲ್ಲದು. ಅದಕ್ಕೇ ಅಪ್ಪ, ಅಮ್ಮ ಅನ್ನುವ ‘ಬಾಪಾಕ್’, ‘ಇಬು’ಗಳೇ ‘ನೀವು’ ಆಗಿಬಿಡುತ್ತವೆ. ಕೂಗಿ ಕರೆಯಲು ಚಿಕ್ಕ ರೂಪ ಸಾಕು. ‘ಬು, ಇನಿ ಬರಾಪಾ?’ ಅಂದರೆ ‘ಅಮ್ಮಾ, ಇದಕ್ಕೆಷ್ಟು?’ ಅಂತ. ಊರೊಳಗಿನ ಶೇರ್ ವ್ಯಾನ್ ‘ಆಂಗ್ಕೋಟ್’ನಿಂದ ಇಳಿಯಬೇಕಾ? ‘ಕಿರಿ, ಪಾಕ್!’ ಅನ್ನಿ, ಎಡಕ್ಕೆ ನಿಲ್ಲಿಸುತ್ತಾರೆ. ಡ್ರೈವರ್ ಹುಡುಗನಾಗಿದ್ದರೆ ಜಾವಾದಲ್ಲಿ ‘ಮಾಸ್’ ಚೆನ್ನ. ಇಪ್ಪತ್ತರ ಹುಡುಗಿಗೆ ಮಾತ್ರ ‘ಬು’ ಅನ್ನಬೇಡಿ, ಮುಖ ಗಂಟಿಕ್ಕಬಹುದು!